ಅಕ್ಷರ ಸರಿದ ಅಂತರ

ಅಕ್ಷರ ಸರಣಿ ಮತ್ತು ಕೋಡಿಂಗ್-ಡಿಕೋಡಿಂಗ್ ಪ್ರಶ್ನೆಗಳು ಮೇಲ್ನೋಟಕ್ಕೆ ಭಾಷೆಯ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಅವುಗಳೊಳಗೆ ಇರುವುದು ಕೂಡುವ, ಕಳೆಯುವ ಲೆಕ್ಕ. 8ನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಿಂದ ಹಿಡಿದು ಬ್ಯಾಂಕು, ರೈಲ್ವೆ ನೇಮಕಾತಿಗಳವರೆಗೆ ಈ ಪ್ರಶ್ನೆಗಳು ಬರುತ್ತವೆ. ಕನ್ನಡ ಮಾಧ್ಯಮದವರೂ ಸಾಮಾನ್ಯವಾಗಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬಿಡಿಸಬೇಕು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳಿರುವುದರಿಂದ ಒಂದು ಅಕ್ಷರವನ್ನು ಮೂರು ಮನೆ ಮುಂದೆ ಸರಿಸುವುದೆಂದರೆ ಏನೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಬಿಡಿಬಿಡಿಯಾಗಿ ನಿಲ್ಲುವ 26 ಅಕ್ಷರಗಳಲ್ಲಿ ಆ ತೊಡಕಿಲ್ಲ.

ಬಿಡಿಸುವ ಕೆಲಸ ಶುರುವಾಗುವುದು ಅಕ್ಷರಗಳನ್ನು ಸಂಖ್ಯೆಗಳಾಗಿ ನೋಡುವುದರಿಂದ. A ಎಂದರೆ 1, Z ಎಂದರೆ 26. ಇಪ್ಪತ್ತಾರನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. E, J, O, T, Y ಅಕ್ಷರಗಳು ಕ್ರಮವಾಗಿ 5, 10, 15, 20, 25 ಎಂಬುದು ನೆನಪಿದ್ದರೆ ಉಳಿದವನ್ನು ಅವುಗಳ ಅಕ್ಕಪಕ್ಕದಲ್ಲೇ ಎಣಿಸಬಹುದು. R ಎಷ್ಟನೆಯದು ಎಂದು A ಇಂದ ಎಣಿಸುತ್ತ ಬರುವುದಕ್ಕಿಂತ T ಇಂದ ಎರಡು ಹಿಂದೆ ಹೋಗಿ 18 ಎನ್ನುವುದು ಬೇಗ ಮುಗಿಯುತ್ತದೆ, ತಪ್ಪುವ ಸಂಭವವೂ ಕಡಿಮೆ.

C, F, J, O, ? ಎಂಬ ಸರಣಿಯನ್ನು ತೆಗೆದುಕೊಳ್ಳೋಣ. ಸಂಖ್ಯೆಗಳು 3, 6, 10, 15. ನಡುವಿನ ಅಂತರಗಳು 3, 4, 5. ಮುಂದಿನ ಅಂತರ 6 ಆಗಬೇಕು, 15ಕ್ಕೆ 6 ಸೇರಿದರೆ 21, ಅಂದರೆ U. ಇಲ್ಲಿ ಅಕ್ಷರಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಏನೂ ಹೊಳೆಯದು. ಅಂತರಗಳನ್ನು ಕೆಳಗಿನ ಸಾಲಿನಲ್ಲಿ ಬರೆದ ಕೂಡಲೇ ನಿಯಮ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಅಂತರದ ಸಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕಾಗದದ ಮೇಲೇ ಬರೆಯುವುದು ಒಳ್ಳೆಯದು.

ಅಕ್ಷರಗಳು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹಾರುತ್ತಿದ್ದರೆ ಒಂದೇ ಸಾಲಿನಲ್ಲಿ ಎರಡು ಸರಣಿಗಳನ್ನು ಹೆಣೆದಿರಬಹುದು. B, Y, D, W, F, U, ? ಎಂಬುದು ಅಂಥದ್ದು. ಒಂದು ಬಿಟ್ಟು ಒಂದರಂತೆ ಓದಿದರೆ B, D, F ಎರಡೆರಡು ಹೆಜ್ಜೆ ಮುಂದೆ ಹೋಗುತ್ತಿವೆ, Y, W, U ಎರಡೆರಡು ಹೆಜ್ಜೆ ಹಿಂದೆ ಬರುತ್ತಿವೆ. ಖಾಲಿ ಜಾಗ ಮೊದಲ ಸರಣಿಯದು, ಉತ್ತರ H. ಮೂರು ಮೂರು ಅಕ್ಷರಗಳ ಗುಂಪುಗಳನ್ನು ಕೊಟ್ಟಾಗಲೂ ಹೀಗೆಯೇ ಸರಣಿಗಳನ್ನು ಬಿಡಿಸಿ ಓದಬೇಕು. BKX, DNW, FQV ಎಂಬಲ್ಲಿ ಮೊದಲ ಅಕ್ಷರಗಳು B, D, F, ನಡುವಿನವು K, N, Q, ಕೊನೆಯವು X, W, V. ಹಾಗಾಗಿ ಮುಂದಿನ ಗುಂಪು HTU.

ಕೋಡಿಂಗ್ ಪ್ರಶ್ನೆಯಲ್ಲಿ ಅಂತರವನ್ನು ಅಡ್ಡಸಾಲಿನಲ್ಲಿ ಅಲ್ಲ, ಮೂಲ ಪದದ ಅಕ್ಷರ ಮತ್ತು ಅದರ ಕೆಳಗೆ ಬರೆದ ಕೋಡ್ ಅಕ್ಷರದ ನಡುವೆ ಹುಡುಕಬೇಕು. ಇದು ಬಹಳ ಹಳೆಯ ಗುಟ್ಟುಬರಹದ ವಿಧಾನ. ರೋಮಿನ ಜೂಲಿಯಸ್ ಸೀಸರ್ ಖಾಸಗಿ ಪತ್ರಗಳಲ್ಲಿ ಪ್ರತಿ ಅಕ್ಷರವನ್ನೂ ಮೂರು ಮನೆ ಸರಿಸಿ, A ಇರಬೇಕಾದಲ್ಲಿ D ಬರೆಯುತ್ತಿದ್ದನೆಂದು ಇತಿಹಾಸಕಾರ ಸ್ವೆಟೋನಿಯಸ್ ದಾಖಲಿಸಿದ್ದಾನೆ. ಆ ನಿಯಮದಂತೆ MYSURU ಎಂಬುದು PBVXUX ಆಗುತ್ತದೆ. ಇಲ್ಲಿ ಎರಡನೆಯ ಅಕ್ಷರವನ್ನು ಗಮನಿಸಬೇಕು. Y 25, B 2. ನೇರವಾಗಿ ಕಳೆದರೆ 23 ಮನೆ ಹಿಂದೆ ಹೋದಂತೆ ತೋರುತ್ತದೆ. ವಾಸ್ತವದಲ್ಲಿ Y ಆದ ಮೇಲೆ Z, ಅಲ್ಲಿಂದ ಮತ್ತೆ A, ನಂತರ B, ಒಟ್ಟು ಮೂರೇ ಹೆಜ್ಜೆ. Z ಮುಗಿದಲ್ಲಿ A ಶುರುವಾಗುವ ಈ ಸುತ್ತನ್ನು ಮರೆತವರಿಗೆ ಸರಿಯಾದ ನಿಯಮವೂ ಒಂದು ಅಕ್ಷರದಲ್ಲಿ ಮುರಿದಂತೆ ಕಾಣುತ್ತದೆ, ಅವರು ಅದನ್ನು ಕೈಬಿಟ್ಟುಬಿಡುತ್ತಾರೆ. ಅಂತರ 13ಕ್ಕಿಂತ ದೊಡ್ಡದಾಗಿ ಬಂದಾಗಲೆಲ್ಲ 26ನ್ನು ಕೂಡಿಸಿ ಇಲ್ಲವೇ ಕಳೆದು ಇನ್ನೊಮ್ಮೆ ನೋಡಿದರೆ ಈ ತೊಂದರೆ ಇರುವುದಿಲ್ಲ.

ಹೆಚ್ಚಿನ ತಪ್ಪುಗಳು ಆಗುವುದು ಮೊದಲ ಅಕ್ಷರದಲ್ಲೇ ನಿಯಮ ಸಿಕ್ಕಿತೆಂದು ನಂಬುವುದರಿಂದ. HAMPI ಎಂಬುದನ್ನು ICPTN ಎಂದು ಬರೆದರೆ BIDAR ಅನ್ನು ಹೇಗೆ ಬರೆಯಬೇಕು ಎಂಬ ಪ್ರಶ್ನೆ ಇದೆ ಎನ್ನೋಣ. H ಇಂದ I, ಒಂದು ಹೆಜ್ಜೆ. ಅಷ್ಟಕ್ಕೇ ನಿಂತು ಎಲ್ಲ ಅಕ್ಷರಗಳಿಗೂ ಒಂದು ಸೇರಿಸಿದರೆ CJEBS ಬರುತ್ತದೆ. ಪ್ರಶ್ನೆ ರಚಿಸುವವರು ಇಂಥ ಅವಸರದ ಉತ್ತರವನ್ನೂ ಆಯ್ಕೆಗಳಲ್ಲಿ ಇಟ್ಟಿರಬಹುದು, ಆದ್ದರಿಂದ ತಮ್ಮ ಉತ್ತರ ಪಟ್ಟಿಯಲ್ಲಿದೆ ಎಂಬುದೇ ಅದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಉಳಿದ ಅಕ್ಷರಗಳನ್ನು ನೋಡಿದರೆ A ಇಂದ C ಎರಡು, M ಇಂದ P ಮೂರು, P ಇಂದ T ನಾಲ್ಕು, I ಇಂದ N ಐದು. ಅಂತರ ಸ್ಥಾನಕ್ಕೆ ತಕ್ಕಂತೆ ಬೆಳೆಯುತ್ತಿದೆ. ಹಾಗಾಗಿ B ಗೆ 1, I ಗೆ 2, D ಗೆ 3, A ಗೆ 4, R ಗೆ 5 ಸೇರಿಸಿದರೆ ಸಿಗುವ CKGEW ಸರಿಯಾದ ಉತ್ತರ.

ಇದೇ ನಿಯಮದಲ್ಲಿ VFXTN ಯಾವ ಪದದ ಕೋಡ್ ಎಂದು ಕೇಳಿದರೆ ಕೂಡಿಸಿದ್ದನ್ನೆಲ್ಲ ಕಳೆಯಬೇಕು. V ಇಂದ 1, F ಇಂದ 2, X ಇಂದ 3, T ಇಂದ 4, N ಇಂದ 5 ಕಳೆದಾಗ UDUPI ಬರುತ್ತದೆ. ಇದರಲ್ಲಿ U ಎರಡು ಬಾರಿ ಬಂದಿದೆ, ಒಮ್ಮೆ V ಆಗಿದೆ, ಇನ್ನೊಮ್ಮೆ X ಆಗಿದೆ. MYSURU ಪದದ ಎರಡು U ಗಳೂ X ಆಗಿದ್ದವು. ಪದದಲ್ಲಿ ಮರುಕಳಿಸುವ ಅಕ್ಷರವಿದ್ದರೆ ಅದನ್ನೇ ಮೊದಲು ನೋಡುವುದು ಜಾಣತನ. ಅದಕ್ಕೆ ಎರಡು ಬೇರೆ ಕೋಡ್‌ಗಳು ಬಂದಿದ್ದರೆ ಎಲ್ಲಕ್ಕೂ ಒಂದೇ ಅಂತರ ಎಂಬ ಊಹೆಯನ್ನು ಲೆಕ್ಕ ಹಾಕದೆಯೇ ಬಿಡಬಹುದು.

ಅಂತರಗಳು ಯಾವ ಕ್ರಮಕ್ಕೂ ಸಿಗದೆ ಚೆಲ್ಲಾಪಿಲ್ಲಿಯಾಗಿ ಬಂದರೆ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಮೊತ್ತ. HAMPI ಯನ್ನು SZNKR ಎಂದು ಬರೆದಿದ್ದರೆ ಅಂತರಗಳು 11, 25, 1, ಹಿಂದಕ್ಕೆ 5, ಮತ್ತೆ 9. ಕಳೆಯುವ ಬದಲು ಕೂಡಿಸಿದರೆ H ಮತ್ತು S ಸೇರಿ 27, A ಮತ್ತು Z ಸೇರಿ 27, ಎಲ್ಲ ಜೋಡಿಗಳೂ 27. ಮೊದಲಿನಿಂದ ಎಣಿಸಿದ ಅಕ್ಷರದ ಜಾಗಕ್ಕೆ ಕೊನೆಯಿಂದ ಅಷ್ಟನೆಯದೇ ಆದ ಅಕ್ಷರ ಬಂದಿದೆ. ಎರಡನೆಯದು ತಿರುವು. KOLAR ಎಂಬುದು SBMPL ಆಗಿದ್ದರೆ ಮೇಲೆ-ಕೆಳಗೆ ಹೋಲಿಸಿ ಪ್ರಯೋಜನವಿಲ್ಲ. ಪದದ ಮೊದಲ ಅಕ್ಷರವನ್ನು ಕೋಡ್‌ನ ಕೊನೆಯ ಅಕ್ಷರದೊಂದಿಗೆ ಜೋಡಿಸಿದರೆ K ಇಂದ L, O ಇಂದ P, ಹೀಗೆ ಎಲ್ಲವೂ ಒಂದೊಂದೇ ಹೆಜ್ಜೆ. ಪದವನ್ನು ಹಿಂದುಮುಂದಾಗಿ ಬರೆದು ನಂತರ ಒಂದು ಸೇರಿಸಲಾಗಿದೆ.

ಈ ಪ್ರಶ್ನೆಗಳಿಗೆ ಒಂದು ಮಿತಿಯೂ ಇದೆ. A, B, D, ? ಎಂದು ಮೂರೇ ಅಕ್ಷರ ಕೊಟ್ಟರೆ ಅಂತರ 1, 2, 3 ಎಂದು ಬೆಳೆಯುತ್ತದೆಂದು ತಿಳಿದವರಿಗೆ ಉತ್ತರ G. ಸಂಖ್ಯೆಗಳು 1, 2, 4, 8 ಎಂದು ದುಪ್ಪಟ್ಟಾಗುತ್ತಿವೆ ಎಂದವರಿಗೆ H. ಎರಡೂ ಕೊಟ್ಟ ಅಕ್ಷರಗಳಿಗೆ ಪೂರ್ತಿ ಹೊಂದುತ್ತವೆ, ಒಂದನ್ನು ತಪ್ಪೆನ್ನಲು ಗಣಿತದಲ್ಲಿ ಆಧಾರವಿಲ್ಲ. ಇದು ಬಿಡಿಸುವವರ ದೋಷವಲ್ಲ, ಪ್ರಶ್ನೆಯ ದೋಷ. ಇನ್ನೊಂದು ಅಕ್ಷರವನ್ನು ಕೊಟ್ಟಿದ್ದರೆ, ಅಥವಾ ಆಯ್ಕೆಗಳಲ್ಲಿ G ಮತ್ತು H ಎರಡೂ ಒಟ್ಟಿಗೆ ಬರದಂತೆ ನೋಡಿಕೊಂಡಿದ್ದರೆ ಈ ಗೊಂದಲ ಹುಟ್ಟುತ್ತಿರಲಿಲ್ಲ.