ಜಾಡಿಯೊಳಗೆ ಇಳಿಯುವ ಕೆಂಪುಮಣ್ಣು

ಬೆಂಗಳೂರು–ಕೋಲಾರದ ಕಡೆ ರಸ್ತೆ ಅಗಲ ಮಾಡಲು ದಿಬ್ಬ ಕಡಿದ ಜಾಗದಲ್ಲಿ ಭೂಮಿ ತನ್ನ ಹೊಟ್ಟೆಯನ್ನು ತೋರಿಸುತ್ತದೆ. ಮೇಲೆ ಹುಲ್ಲಿನ ಬೇರು ಹೆಣೆದ ಮಾಸಲು ಕಂದು ಮಣ್ಣು, ಅದರ ಕೆಳಗೆ ಇಟ್ಟಿಗೆಯಂತೆ ಕೆಂಪಾದ ಗಟ್ಟಿ ಪದರ, ಇನ್ನೂ ಕೆಳಗೆ ಬಿಳಿ-ಹಳದಿ ಚುಕ್ಕೆಯ ಗರಸು, ಎಲ್ಲಕ್ಕಿಂತ ಕೆಳಗೆ ಬಂಡೆ. ಲಾಲ್‌ಬಾಗ್‌ನ ಗುಡ್ಡದಲ್ಲಿ ಹೊರಗೆ ಚಾಚಿರುವ ನೈಸ್ ಶಿಲೆಯ ಬಳಗಕ್ಕೇ ಸೇರಿದ ಬಂಡೆ ಅದು.

ಹೀಗೆ ಮೇಲಿನಿಂದ ಬಂಡೆಯವರೆಗೆ ಕಾಣುವ ಸೀಳುನೋಟಕ್ಕೆ ಮಣ್ಣಿನ ವಿಜ್ಞಾನಿಗಳು ಪ್ರೊಫೈಲ್ ಎನ್ನುತ್ತಾರೆ. ಪದರಗಳಿಗೆ ಅಕ್ಷರದ ಹೆಸರು: ಕಾಡಿನಲ್ಲಾದರೆ ಮೇಲೆ ಕೊಳೆಯುತ್ತಿರುವ ತರಗೆಲೆಯ ‘ಓ’, ಆಮೇಲೆ ಮೇಲ್ಮಣ್ಣು ‘ಎ’, ಒಳಮಣ್ಣು ‘ಬಿ’, ಅರೆ ಕರಗಿದ ಗರಸು ‘ಸಿ’, ಬಂಡೆ ‘ಆರ್’. ಉಳುಮೆಯ ಹೊಲದಲ್ಲಿ ‘ಓ’ ಉಳಿಯುವುದಿಲ್ಲ. ಪದರ ಪದರವಾಗಿ ಮಣ್ಣನ್ನು ಓದುವ ಈ ಕ್ರಮಕ್ಕೆ ಅಡಿಪಾಯ ಹಾಕಿದವನು ರಷ್ಯಾದ ವಸೀಲಿ ದೊಕುಚಾಯೆವ್. ಅಲ್ಲಿನ ಕಪ್ಪುಮಣ್ಣಿನ ಬಗ್ಗೆ ಅವನ ಪುಸ್ತಕ ಬಂದದ್ದು 1883ರಲ್ಲಿ.

ಕೆಂಪುಮಣ್ಣಿನ ಸೀಳಿನಲ್ಲಿ ಕುತೂಹಲದ ಜಾಗವೆಂದರೆ ‘ಎ’ ಮುಗಿದು ‘ಬಿ’ ಶುರುವಾಗುವ ಗೆರೆ. ಮೇಲಿನ ಮಣ್ಣನ್ನು ಒದ್ದೆ ಮಾಡಿ ಬೆರಳಲ್ಲಿ ಉಜ್ಜಿದರೆ ಮರಳು ಗರಗರ ಎನ್ನುತ್ತದೆ, ಉಂಡೆ ಕಟ್ಟಿದರೆ ಬೇಗ ಒಡೆಯುತ್ತದೆ. ಎರಡಡಿ ಕೆಳಗಿನದು ಬೆರಳಿಗೆ ಅಂಟುತ್ತದೆ, ಹೆಬ್ಬೆರಳಲ್ಲಿ ತಳ್ಳಿದರೆ ಪಟ್ಟಿಯಾಗಿ ಉದ್ದಕ್ಕೆ ಬರುತ್ತದೆ. ಮಳೆನೀರು ಶತಮಾನಗಟ್ಟಲೆ ‘ಎ’ಯಿಂದ ಸೂಕ್ಷ್ಮ ಜೇಡಿಯನ್ನು ತೊಳೆದು ‘ಬಿ’ಗೆ ಇಳಿಸಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ‘ಬಿ’ಯ ಹೆಂಟೆಯೊಂದನ್ನು ಒಡೆದು ಮಸೂರದಲ್ಲಿ ನೋಡಿದರೆ ಅದರ ಮೈಮೇಲೆ ಮೇಣ ಬಳಿದಂಥ ಹೊಳಪು ಕಂಡೀತು. ಅದು ಇಳಿದುಬಂದ ಜೇಡಿಯ ಲೇಪ. ಆದರೆ ಎಷ್ಟು ಇಳಿದಿದೆ? ಬೆರಳು ಅಂದಾಜು ಹೇಳುತ್ತದೆ, ಅಂಕಿ ಬೇಕೆಂದರೆ ಪ್ರಯೋಗಾಲಯಕ್ಕೆ ಹೋಗಬೇಕು.

ಕೃಷಿ ಪದವಿಯ ಪ್ರಾಯೋಗಿಕ ತರಗತಿಯಲ್ಲಿ ಈ ಕೆಲಸ ಎರಡು ದಿನ ಹಿಡಿಯುತ್ತದೆ. ಎರಡೂ ಪದರಗಳ ಮಣ್ಣನ್ನು ನೆರಳಲ್ಲಿ ಆರಿಸಿ, ಮರದ ಕೊಡತಿಯಿಂದ ಮೆಲ್ಲಗೆ ಪುಡಿಮಾಡಿ, 2 ಮಿಲಿಮೀಟರ್ ಜರಡಿಯಲ್ಲಿ ಆಡಿಸುತ್ತಾರೆ. ಕಬ್ಬಿಣದ ಸುತ್ತಿಗೆ ಬಳಸಿದರೆ ಕಲ್ಲೇ ಪುಡಿಯಾಗಿ ಮರಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಜರಡಿಯ ಮೇಲುಳಿದ ಕಲ್ಲನ್ನು ಬೇರೆಯೇ ತೂಗಿ ಬರೆದಿಡುತ್ತಾರೆ. ಕೆಳಗೆ ಬಿದ್ದದ್ದು ಮಾತ್ರ ಪರೀಕ್ಷೆಗೆ. ಅದರಲ್ಲಿ ಮೂರು ಗಾತ್ರದ ಕಣಗಳಿವೆ: 2ರಿಂದ 0.05 ಮಿಲಿಮೀಟರ್‌ವರೆಗೆ ಮರಳು, 0.05ರಿಂದ 0.002ರವರೆಗೆ ರೇವೆ, ಅದಕ್ಕೂ ಸಣ್ಣದು ಜೇಡಿ.

ಈ ಮೂರನ್ನು ಬಿಡಿಸುವ ಮೊದಲು ಒಂದಕ್ಕೊಂದು ಅಂಟಿದ ಕಣಗಳನ್ನು ಬಿಡಿಸಬೇಕು, ಫಲಿತಾಂಶ ಕೆಡುವುದು ಹೆಚ್ಚಾಗಿ ಇಲ್ಲೇ. 50 ಗ್ರಾಂ ಮಣ್ಣಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿಮಾಡಿದರೆ ಜೈವಿಕ ಅಂಶ ನೊರೆನೊರೆಯಾಗಿ ಸುಟ್ಟುಹೋಗುತ್ತದೆ. ಆಮೇಲೆ ಶೇ. 5ರ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣ 100 ಮಿಲಿಲೀಟರ್ ಸುರಿದು ರಾತ್ರಿಯಿಡೀ ನೆನೆಸಿ, ಮರುದಿನ ಯಂತ್ರದಲ್ಲಿ ಕಲಕುತ್ತಾರೆ. ಜೇಡಿಯನ್ನು ಬೆಸೆದಿದ್ದ ಕ್ಯಾಲ್ಸಿಯಂನ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ, ಕಣಗಳು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ.

ಬಳಿಕ 0.05 ಮಿಲಿಮೀಟರ್ ಜರಡಿಯ ಮೇಲೆ ಸುರಿದು ನೀರು ಬಿಟ್ಟು ತೊಳೆದರೆ ಮರಳು ಮೇಲೆ ಉಳಿಯುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ಬಿಡಬಾರದು. ಕೆಂಪುಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಗಾರೆಯಂತೆ ಜೇಡಿಯನ್ನು ಹಿಡಿದಿರುವುದರಿಂದ ಸಣ್ಣ ಜೇಡಿ ಉಂಡೆಗಳು ಮರಳಿನ ವೇಷದಲ್ಲಿ ಜರಡಿಯ ಮೇಲೆ ಕೂತಿರಬಹುದು. ಚಿಟಿಕೆ ತೆಗೆದು ಬೆರಳಲ್ಲಿ ಒತ್ತಿದರೆ ನಿಜವಾದ ಮರಳು ಚುಚ್ಚುತ್ತದೆ, ವೇಷದ ಮರಳು ಕೆಂಪಾಗಿ ಬಳಿದುಕೊಳ್ಳುತ್ತದೆ.

ಜರಡಿಯಿಂದ ಇಳಿದ ಕೆಂಪು ನೀರು ಒಂದು ಲೀಟರಿನ ಅಳತೆ ಜಾಡಿಗೆ ಹೋಗುತ್ತದೆ. ರೇವೆ ಮತ್ತು ಜೇಡಿಯನ್ನು ಬೇರ್ಪಡಿಸುವಷ್ಟು ಸಣ್ಣ ಕಣ್ಣಿನ ಜರಡಿ ಇಲ್ಲ. ಆದ್ದರಿಂದ ಮುಂದಿನ ಕೆಲಸವನ್ನು ಭೂಮಿಯ ಸೆಳೆತಕ್ಕೇ ಬಿಡಬೇಕು. ನೀರಿನಲ್ಲಿ ಮುಳುಗುವ ಗುಂಡಿನ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆಂದು ಜಾರ್ಜ್ ಸ್ಟೋಕ್ಸ್ 1851ರಲ್ಲಿ ತೋರಿಸಿದ್ದ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 0.05 ಮಿಲಿಮೀಟರ್ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು 45 ಸೆಕೆಂಡು ಸಾಕು. 0.002ರ ಕಣಕ್ಕೆ ಸುಮಾರು 7 ಗಂಟೆ 45 ನಿಮಿಷ ಬೇಕು. ಬೇಸಿಗೆಯಲ್ಲಿ ನೀರು 30 ಡಿಗ್ರಿ ಇದ್ದರೆ ಅದರ ಸ್ನಿಗ್ಧತೆ ಇಳಿದು 6 ಗಂಟೆ 10 ನಿಮಿಷದಲ್ಲೇ ಕೆಲಸ ಮುಗಿಯುತ್ತದೆ. ಉಷ್ಣಮಾಪಕ ನೋಡದೆ ಗಡಿಯಾರ ನೋಡಿ ಪ್ರಯೋಜನವಿಲ್ಲ.

ಜಾಡಿಯನ್ನು ಮೇಲೆ-ಕೆಳಗೆ ಮಗುಚಿ ಚೆನ್ನಾಗಿ ಬೆರೆಸಿ, ಬಿಸಿಲು ತಾಗದ ಮೇಜಿನ ಮೇಲಿಟ್ಟು ಕಾಯುತ್ತಾರೆ. ಹೊತ್ತು ಬಂದಾಗ ಪಿಪೆಟ್ಟಿನ ತುದಿಯನ್ನು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ 20 ಮಿಲಿಲೀಟರ್ ನಿಧಾನವಾಗಿ ಎಳೆಯುತ್ತಾರೆ. ಅಷ್ಟರಲ್ಲಿ ರೇವೆಯೆಲ್ಲ ಆ ಆಳ ದಾಟಿರುವುದರಿಂದ ಅಲ್ಲಿ ಉಳಿದದ್ದು ಜೇಡಿ ಮಾತ್ರ. ಆ ನೀರನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ ಉತ್ತರ ಕೈಗೆ ಬಂತು.

ಕೆಂಪುಮಣ್ಣಿಗೆ ಹೊಂದುವ ಅಂಕಿಗಳನ್ನು ಇಟ್ಟು ಒಂದು ಲೆಕ್ಕ ಮಾಡಬಹುದು. ‘ಎ’ ಪದರದ 50 ಗ್ರಾಂನಲ್ಲಿ ಜರಡಿಯ ಮರಳು ಒಣಗಿ 33.5 ಗ್ರಾಂ ತೂಗಿದೆ, ಅಂದರೆ ಶೇ. 67. ಪಿಪೆಟ್ಟಿನ 20 ಮಿಲಿಲೀಟರ್ ಒಣಗಿ 0.25 ಗ್ರಾಂ ಬಂದಿದೆ. ಆದರೆ ಸುರಿದ ಫಾಸ್ಫೇಟ್ ಕೂಡ ಅದರಲ್ಲಿದೆ: ಲೀಟರಿಗೆ 5 ಗ್ರಾಂ ಆದರೆ 20 ಮಿಲಿಲೀಟರಿಗೆ 0.10 ಗ್ರಾಂ. ಅದನ್ನು ಕಳೆದರೆ ಜೇಡಿ 0.15 ಗ್ರಾಂ, ಇಡೀ ಲೀಟರಿಗೆ 7.5 ಗ್ರಾಂ, ಶೇ. 15. ಉಳಿದ ಶೇ. 18 ರೇವೆ. ವರ್ಗೀಕರಣದ ತ್ರಿಕೋನದಲ್ಲಿ ಇದು ಮರಳುಮಿಶ್ರಿತ ಗೋಡುಮಣ್ಣು. ಫಾಸ್ಫೇಟ್ ಕಳೆಯಲು ಮರೆತಿದ್ದರೆ ಜೇಡಿ ಶೇ. 25 ಎಂದು ಬಂದು, ಇದೇ ಮಣ್ಣು ಮರಳು-ಜೇಡಿ ಗೋಡಿನ ಮನೆಗೆ ಹೋಗಿ ಕೂರುತ್ತಿತ್ತು.

‘ಬಿ’ ಪದರದಲ್ಲಿ ಮರಳು 24 ಗ್ರಾಂ, ಪಿಪೆಟ್ಟಿನ ತೂಕ 0.48 ಗ್ರಾಂ. ಅದೇ ಲೆಕ್ಕದಲ್ಲಿ ಮರಳು ಶೇ. 48, ಜೇಡಿ 38, ರೇವೆ 14. ಇದು ಮರಳುಮಿಶ್ರಿತ ಜೇಡಿಮಣ್ಣು. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಮೇಲ್ಪದರದ ಜೇಡಿ ಶೇ. 15ರಿಂದ 40ರೊಳಗಿದ್ದರೆ, ಕೆಳಗಿನದು ಅದರ 1.2 ಪಟ್ಟಾದರೂ ಇರಬೇಕು. ಆಗ ಮಾತ್ರ ‘ಜೇಡಿ ಶೇಖರಣೆಯ ಪದರ’ ಎನ್ನಬಹುದು. ಇಲ್ಲಿ ಅದು ಎರಡೂವರೆ ಪಟ್ಟಾಗಿದೆ. ಹೆಂಟೆಯ ಮೇಲೆ ಕಂಡ ಹೊಳಪಿಗೆ ಜಾಡಿಯೂ ಸಾಕ್ಷಿ ಹೇಳಿತು.

ಕಾಯುವಾಗ ಜಾಡಿಯ ಮೇಲೆ ಕಣ್ಣಿಟ್ಟಿರಬೇಕು. ಒಂದು ಗಂಟೆಯೊಳಗೆ ಮೇಲಿನ ನೀರು ತಿಳಿಯಾಗಿ, ಕೆಳಗೆ ಹತ್ತಿಯಂಥ ಮೋಡ ಗೆರೆ ಕೊರೆದಂತೆ ಇಳಿಯುತ್ತಿದ್ದರೆ ಜೇಡಿ ಮತ್ತೆ ಗುಂಪುಗೂಡಿದೆ ಎಂದರ್ಥ. ಅಂಥ ಜಾಡಿಯಲ್ಲಿ ಜೇಡಿಯ ಪಾಲು ಕಡಿಮೆ ತೋರಿ ರೇವೆ ಉಬ್ಬುತ್ತದೆ. ಸುರಿದು ಹೊಸದಾಗಿ ಶುರುಮಾಡಬೇಕು. ಎಲ್ಲ ಸರಿಯಾದರೂ ಲೆಕ್ಕ ಒಂದು ಒಪ್ಪಂದದ ಮೇಲೆ ನಿಂತಿದೆ. ಜೇಡಿಯ ಕಣಗಳು ಚಪ್ಪಟೆ, ಸ್ಟೋಕ್ಸ್‌ನ ಗುಂಡುಗಳಲ್ಲ. ಕೆಲವು ವರದಿಗಳು ಮರಳು-ರೇವೆಯ ಗಡಿಯನ್ನು 0.02ಕ್ಕೆ ಹಾಕುತ್ತವೆ, ಅಂಥವನ್ನು ಇದರ ಪಕ್ಕ ಇಟ್ಟು ಹೋಲಿಸುವಂತಿಲ್ಲ.

ಅದೇ ದಿಬ್ಬದ ಇಳಿಜಾರಿನ ಹೊಲದಿಂದ ನೇಗಿಲ ಆಳದ ಮಣ್ಣು ತಂದು ಪರೀಕ್ಷಿಸಿದಾಗ ಜೇಡಿ ಶೇ. 15 ಬರದೆ 30ರ ಮೇಲೆ ಬಂದರೆ, ಮೊದಲು ಗುಂಡಿ ತೋಡಿ ನೋಡಬೇಕು. ಮಾಸಲು ಕಂದು ಪದರ ಕಾಣದೆ, ಗುದ್ದಲಿಯ ಮೊದಲ ಏಟಿಗೇ ಹೊಳಪಿನ ಕೆಂಪು ಹೆಂಟೆ ಸಿಕ್ಕಿದರೆ, ಆ ಹೊಲದ ‘ಎ’ ಮಳೆಯೊಡನೆ ಕೆರೆ ಸೇರಿದೆ. ರೈತ ಈಗ ಉಳುತ್ತಿರುವುದು ‘ಬಿ’ಯನ್ನು.