ಮೂರು ಸಾಲು ಒಂದೇ ಮಾತು ಹೇಳಿದಾಗ

ಕೆಳಗಿನ ಎರಡು ಮ್ಯಾಟ್ರಿಕ್ಸ್‌ಗಳನ್ನು ನೋಡಿ. ನಡುವಿನ ಅಡ್ಡಸಾಲಿನ ಎರಡು ಸಂಖ್ಯೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ.

```
    [ 3  -1   2 ]        [ 3  -1   2 ]
A = [ 2   0   4 ]    B = [ 1   0   5 ]
    [ 1  -1   4 ]        [ 1  -1   4 ]
```

ಇವೆರಡರ ಐಗನ್ ಮೌಲ್ಯಗಳೂ ಒಂದೇ: 2, 2 ಮತ್ತು 3. ಹಾಗಿದ್ದರೂ ಇವುಗಳ ಸ್ವಭಾವ ಬೇರೆ ಬೇರೆ. A ಯಿಂದ ಪರಸ್ಪರ ಸ್ವತಂತ್ರವಾದ ಮೂರು ಐಗನ್ ವೆಕ್ಟರ್‌ಗಳು ಸಿಗುತ್ತವೆ, B ಯಿಂದ ಎರಡಕ್ಕಿಂತ ಹೆಚ್ಚು ಸಿಗುವುದಿಲ್ಲ. ಈ ವ್ಯತ್ಯಾಸವನ್ನು ಐಗನ್ ಮೌಲ್ಯಗಳ ಪಟ್ಟಿ ಹೇಳುವುದಿಲ್ಲ. ಪ್ರತಿ ಮೌಲ್ಯಕ್ಕೂ A − λI ಎಂಬ ಮ್ಯಾಟ್ರಿಕ್ಸ್ ಬರೆದು, ಅದರ ಸಾಲುಗಳನ್ನು ಒಂದರಿಂದೊಂದು ಕಳೆದು ಸರಳ ಮಾಡಿದಾಗಲೇ ಅದು ಬಯಲಾಗುವುದು.

ಮೊದಲು ಐಗನ್ ವೆಕ್ಟರ್ ಎಂದರೇನು ಎಂದು ನೋಡಿಬಿಡೋಣ. ಮ್ಯಾಟ್ರಿಕ್ಸ್‌ನಿಂದ ಒಂದು ವೆಕ್ಟರನ್ನು ಗುಣಿಸಿದರೆ ಸಾಮಾನ್ಯವಾಗಿ ಅದರ ಉದ್ದವೂ ಬದಲಾಗುತ್ತದೆ, ದಿಕ್ಕೂ ಬದಲಾಗುತ್ತದೆ. A ಯಿಂದ (1, 0, 0) ಅನ್ನು ಗುಣಿಸಿದರೆ (3, 2, 1) ಬರುತ್ತದೆ. ದಿಕ್ಕು ಪೂರ್ತಿ ಬೇರೆಯಾಯಿತು. ಆದರೆ (1, 1, 0) ಅನ್ನು ಗುಣಿಸಿ ನೋಡಿ: ಮೊದಲ ಸಾಲಿನಿಂದ 3 − 1 = 2, ಎರಡನೆಯದರಿಂದ 2 + 0 = 2, ಮೂರನೆಯದರಿಂದ 1 − 1 = 0. ಬಂದದ್ದು (2, 2, 0). ದಿಕ್ಕು ಇದ್ದಂತೆಯೇ ಇದೆ, ಉದ್ದ ಮಾತ್ರ ಎರಡು ಪಟ್ಟಾಗಿದೆ. ಇಂಥ ವೆಕ್ಟರೇ ಐಗನ್ ವೆಕ್ಟರ್, ಆ ‘ಎರಡು ಪಟ್ಟು’ ಎಂಬುದೇ ಐಗನ್ ಮೌಲ್ಯ λ. ಒಂದು λ ಗೆ ಸೇರಿದ ಐಗನ್ ವೆಕ್ಟರ್‌ಗಳನ್ನೆಲ್ಲ ಸೊನ್ನೆ ವೆಕ್ಟರ್ ಜೊತೆಗೆ ಒಟ್ಟುಗೂಡಿಸಿದರೆ ಆ λ ದ ಐಗನ್‌ಸ್ಪೇಸ್ ಆಗುತ್ತದೆ. ಅದರಲ್ಲಿ ಲೆಕ್ಕವಿಲ್ಲದಷ್ಟು ವೆಕ್ಟರ್‌ಗಳಿರುವುದರಿಂದ ಎಲ್ಲವನ್ನೂ ಬರೆಯಲಾಗದು. ಗುಣಿಸಿ ಕೂಡಿಸಿದರೆ ಉಳಿದೆಲ್ಲವೂ ಹುಟ್ಟುವಂಥ ಕೆಲವೇ ವೆಕ್ಟರ್‌ಗಳನ್ನು, ಒಂದೂ ಹೆಚ್ಚಾಗದಂತೆ, ಆರಿಸಿಕೊಳ್ಳುತ್ತೇವೆ. ಅದಕ್ಕೆ ಬೇಸಿಸ್ ಎನ್ನುತ್ತಾರೆ.

(1, 1, 0) ಅನ್ನು ಮೇಲೆ ಸುಮ್ಮನೆ ಕೊಟ್ಟುಬಿಟ್ಟೆ. ಅದನ್ನು ಹುಡುಕುವುದು ಹೇಗೆ? ನಮಗೆ ಬೇಕಾದದ್ದು Av = λv. ಬಲಗಡೆಯದನ್ನು ಎಡಕ್ಕೆ ತಂದರೆ (A − λI)v = 0. ಇಲ್ಲಿ I ಎಂದರೆ ಕರ್ಣದಲ್ಲಿ 1, ಉಳಿದೆಡೆ ಸೊನ್ನೆ ಇರುವ ಏಕಮಾನ ಮ್ಯಾಟ್ರಿಕ್ಸ್. ಹಾಗಾಗಿ A − λI ಬರೆಯಲು ಕರ್ಣದ ಮೂರು ಸಂಖ್ಯೆಗಳಿಂದ λ ಕಳೆದರೆ ಸಾಕು, ಬೇರೆ ಯಾವ ಸಂಖ್ಯೆಯನ್ನೂ ಮುಟ್ಟಬೇಕಿಲ್ಲ. ಸೊನ್ನೆಯಲ್ಲದ ಉತ್ತರ ಇರಬೇಕಾದರೆ A − λI ಯ ನಿರ್ಧಾರಕ ಸೊನ್ನೆಯಾಗಬೇಕು. A ಗೆ ಈ ಷರತ್ತನ್ನು ಬಿಡಿಸಿದರೆ λ³ − 7λ² + 16λ − 12 = 0 ಬರುತ್ತದೆ. ಅದರ ಅಪವರ್ತನ (λ − 2)²(λ − 3). ಅಂದರೆ 2 ಎರಡು ಸಲ, 3 ಒಂದು ಸಲ.

ಈಗ λ = 2 ತೆಗೆದುಕೊಳ್ಳೋಣ. ಕರ್ಣದ 3, 0, 4 ಗಳಿಂದ ಎರಡೆರಡು ಕಳೆದರೆ 1, −2, 2.

```
         [ 1  -1   2 ]      [ 1  -1   2 ]
A - 2I = [ 2  -2   4 ]  →   [ 0   0   0 ]
         [ 1  -1   2 ]      [ 0   0   0 ]
```

ಎರಡನೆಯ ಸಾಲು ಮೊದಲನೆಯದರ ಎರಡರಷ್ಟಿದೆ, ಮೂರನೆಯದು ಮೊದಲನೆಯದೇ. ಎರಡನೆಯದರಿಂದ ಮೊದಲನೆಯದರ ಎರಡು ಪಟ್ಟನ್ನೂ ಮೂರನೆಯದರಿಂದ ಮೊದಲನೆಯದನ್ನೂ ಕಳೆದರೆ ಎರಡೂ ಸೊನ್ನೆ. ಹೀಗೆ ಕಳೆಯುವುದರಿಂದ ಉತ್ತರಗಳೇನೂ ಕೆಡುವುದಿಲ್ಲ. ಪ್ರತಿ ಸಾಲೂ ಒಂದು ಸಮೀಕರಣ. ಒಂದು ಸಮೀಕರಣದಿಂದ ಇನ್ನೊಂದರ ಗುಣಕವನ್ನು ಕಳೆದರೂ, ಬೇಕೆಂದಾಗ ಅದನ್ನೇ ಮತ್ತೆ ಕೂಡಿಸಿ ಹಳೆಯದನ್ನು ಪಡೆಯಬಹುದು. ಮೂರು ಸಾಲುಗಳೂ ಹೇಳುತ್ತಿದ್ದದ್ದು ಒಂದೇ ಮಾತು: x − y + 2z = 0.

ಉಳಿದ ಸಾಲಿನಲ್ಲಿ ಮೊದಲು ಬರುವ 1 ಕ್ಕೆ ಪಿವಟ್ ಎಂದು ಹೆಸರು. ಅದು x ನ ಕಂಬಸಾಲಿನಲ್ಲಿದೆ. y ಮತ್ತು z ಗಳ ಕಂಬಸಾಲುಗಳಲ್ಲಿ ಪಿವಟ್ ಇಲ್ಲ, ಆದ್ದರಿಂದ ಅವೆರಡೂ ಸ್ವತಂತ್ರ. ಅವುಗಳಿಗೆ ಯಾವ ಬೆಲೆ ಬೇಕಾದರೂ ಕೊಡಬಹುದು, x ಮಾತ್ರ y − 2z ಆಗಲೇಬೇಕು. ಉತ್ತರವನ್ನು ಬಿಡಿಸಿ ಬರೆದರೆ:

```
(x, y, z) = (y - 2z, y, z) = y(1, 1, 0) + z(-2, 0, 1)
```

ಬೇಸಿಸ್ ಇಲ್ಲೇ ಸಿಕ್ಕಿತು: (1, 1, 0) ಮತ್ತು (−2, 0, 1). y ಗೆ 1, z ಗೆ 0 ಕೊಟ್ಟರೆ ಮೊದಲನೆಯದು ಬರುತ್ತದೆ, y ಗೆ 0, z ಗೆ 1 ಕೊಟ್ಟರೆ ಎರಡನೆಯದು. ಒಂದರಲ್ಲಿ z ಸೊನ್ನೆ, ಇನ್ನೊಂದರಲ್ಲಿ y ಸೊನ್ನೆ ಇರುವುದರಿಂದ ಒಂದು ಇನ್ನೊಂದರ ಗುಣಕವಾಗಲು ಸಾಧ್ಯವೇ ಇಲ್ಲ. ಸ್ವತಂತ್ರವೇ ಎಂದು ಬೇರೆ ಪರೀಕ್ಷೆ ಮಾಡುವ ಅಗತ್ಯವೂ ಇಲ್ಲ. ಚಿತ್ರವಾಗಿ ಕಂಡರೆ ಈ ಐಗನ್‌ಸ್ಪೇಸ್ ಮೂಲಬಿಂದುವಿನ ಮೂಲಕ ಹಾಯುವ ಒಂದು ಸಮತಲ. ಅದರ ಮೇಲಿನ ಯಾವ ವೆಕ್ಟರನ್ನು A ಯಿಂದ ಗುಣಿಸಿದರೂ ಸರಿಯಾಗಿ ಎರಡು ಪಟ್ಟಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಗೊಂದಲ ಸಹಜ. ತಮಗೆ ಬಂದ ಉತ್ತರಕ್ಕೂ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೂ ತಾಳೆಯಾಗುವುದಿಲ್ಲ. ಪುಸ್ತಕದಲ್ಲಿ (−1, 1, 1) ಮತ್ತು (3, 1, −1) ಎಂದಿದ್ದರೂ ಅದು ಸರಿಯೇ. ಎರಡೂ x − y + 2z = 0 ಅನ್ನು ಪಾಲಿಸುತ್ತವೆ, ಒಂದು ಇನ್ನೊಂದರ ಗುಣಕವಲ್ಲ. ಸಮತಲ ಒಂದೇ, ಅದನ್ನು ಅಳೆಯಲು ಇಟ್ಟುಕೊಂಡ ಎರಡು ದಿಕ್ಕುಗಳು ಬೇರೆ. ಬದಲಾಗದಿರುವುದು ವೆಕ್ಟರ್‌ಗಳ ಸಂಖ್ಯೆ ಮಾತ್ರ.

ಇನ್ನು λ = 3. ಈ ಸಲ ಸ್ವಲ್ಪ ಹೆಚ್ಚು ಕೆಲಸವಿದೆ.

```
         [ 0  -1   2 ]
A - 3I = [ 2  -3   4 ]
         [ 1  -1   1 ]
```

ಮೊದಲ ಸಾಲಿನ ಆರಂಭದಲ್ಲಿ ಸೊನ್ನೆ ಇರುವುದರಿಂದ ಅಲ್ಲಿ ಪಿವಟ್ ಸಿಗುವುದಿಲ್ಲ. ಮೊದಲ ಮತ್ತು ಮೂರನೆಯ ಸಾಲುಗಳನ್ನು ಅದಲುಬದಲು ಮಾಡೋಣ. ಸಮೀಕರಣಗಳನ್ನು ಯಾವ ಕ್ರಮದಲ್ಲಿ ಬರೆದರೂ ಉತ್ತರ ಅದೇ. ಆಮೇಲೆ ಎರಡನೆಯ ಸಾಲಿನಿಂದ ಮೊದಲನೆಯದರ ಎರಡು ಪಟ್ಟನ್ನು ಕಳೆಯಬೇಕು.

```
[ 1  -1   1 ]      [ 1  -1   1 ]      [ 1   0  -1 ]
[ 2  -3   4 ]  →   [ 0  -1   2 ]  →   [ 0   1  -2 ]
[ 0  -1   2 ]      [ 0  -1   2 ]      [ 0   0   0 ]
```

ನಡುವಿನ ಹಂತದಲ್ಲಿ ಎರಡನೆಯ ಮತ್ತು ಮೂರನೆಯ ಸಾಲುಗಳು ಒಂದೇ ಆದವು, ಹಾಗಾಗಿ ಮೂರನೆಯದು ಸೊನ್ನೆಯಾಯಿತು. ಎರಡನೆಯದನ್ನು −1 ರಿಂದ ಗುಣಿಸಿ ಪಿವಟ್ ಅನ್ನು 1 ಮಾಡಿ, ಅದನ್ನು ಮೊದಲ ಸಾಲಿಗೆ ಕೂಡಿಸಿದ್ದೇವೆ. ಈಗ ಓದಿಕೊಳ್ಳಿ: x − z = 0, y − 2z = 0. ಸ್ವತಂತ್ರವಾಗಿ ಉಳಿದದ್ದು z ಒಂದೇ. ಉತ್ತರ z(1, 2, 1), ಬೇಸಿಸ್‌ನಲ್ಲಿ ಒಂದೇ ವೆಕ್ಟರ್, ಐಗನ್‌ಸ್ಪೇಸ್ ಒಂದು ಸರಳರೇಖೆ. ಓದುವಾಗ ಚಿಹ್ನೆ ತಪ್ಪುವುದು ಹೆಚ್ಚು: ಸಾಲಿನಲ್ಲಿ −2 ಇದ್ದರೆ ವೆಕ್ಟರಿಗೆ ಬರುವುದು +2, ಏಕೆಂದರೆ ಅದು ಸಮೀಕರಣದ ಆಚೆ ಬದಿಗೆ ದಾಟುತ್ತದೆ. ಅನುಮಾನ ಬಂದರೆ ಮೂಲ A ಯಿಂದಲೇ ಗುಣಿಸಿ ನೋಡುವುದು ಒಳ್ಳೆಯದು. A ಯಿಂದ (1, 2, 1) ಅನ್ನು ಗುಣಿಸಿದರೆ (3, 6, 3) ಬರುತ್ತದೆ, ಸರಿಯಾಗಿ ಮೂರು ಪಟ್ಟು.

ಮೂರು ವೆಕ್ಟರ್‌ಗಳು ಕೈಗೆ ಬಂದ ಮೇಲೆ ಲಾಭವೇನು? (1, 0, 0) ಅನ್ನು A ಯಿಂದ ಹತ್ತು ಸಲ ಗುಣಿಸಬೇಕು ಎನ್ನಿ. ಒಂದೊಂದಾಗಿ ಗುಣಿಸುತ್ತ ಕೂರುವ ಬದಲು ಅದನ್ನು ಐಗನ್ ವೆಕ್ಟರ್‌ಗಳಾಗಿ ಒಡೆಯಬಹುದು: (1, 0, 0) = (0, −2, −1) + (1, 2, 1). ಮೊದಲನೆಯ ತುಂಡು λ = 2 ರ ಸಮತಲದ ಮೇಲಿದೆ (0 + 2 − 2 = 0, ತಾಳೆಯಾಯಿತು), ಎರಡನೆಯದು λ = 3 ರ ರೇಖೆಯ ಮೇಲಿದೆ. ಹತ್ತು ಸಲ ಗುಣಿಸಿದಾಗ ಒಂದು 2¹⁰ = 1024 ಪಟ್ಟು, ಇನ್ನೊಂದು 3¹⁰ = 59049 ಪಟ್ಟು. ಕೂಡಿಸಿದರೆ (59049, 116050, 58025). ಯಾವ ವೆಕ್ಟರ್ ಕೊಟ್ಟರೂ A ಯಲ್ಲಿ ಹೀಗೆ ಒಡೆಯಬಹುದು.

B ಯಲ್ಲಿ ಈ ದಾರಿ ಪೂರ್ತಿ ತೆರೆದಿಲ್ಲ. ಅದರ ನಿರ್ಧಾರಕವನ್ನು ಬಿಡಿಸಿದರೆ ಬರುವ ಬಹುಪದೋಕ್ತಿಯೂ λ³ − 7λ² + 16λ − 12, ಅಕ್ಷರಶಃ ಅದೇ. ಆದರೆ λ = 2 ಕ್ಕೆ ಸಾಲುಗಳನ್ನು ಕಳೆದು ನೋಡಿ.

```
         [ 1  -1   2 ]      [ 1   0  -1 ]
B - 2I = [ 1  -2   5 ]  →   [ 0   1  -3 ]
         [ 1  -1   2 ]      [ 0   0   0 ]
```

ಮೊದಲ ಮತ್ತು ಮೂರನೆಯ ಸಾಲು ಒಂದೇ ಮಾತು ಹೇಳುತ್ತವೆ, ಆದರೆ ನಡುವಿನ ಸಾಲಿನದು ಬೇರೆ ಮಾತು. ಎರಡು ಪಿವಟ್ ಬಂದವು, ಸ್ವತಂತ್ರವಾಗಿ ಉಳಿದದ್ದು z ಒಂದೇ. ಬೇಸಿಸ್: (1, 3, 1), ಅಷ್ಟೇ. 2 ಎಂಬ ಮೌಲ್ಯ ಎರಡು ಸಲ ಬಂದಿದ್ದರೂ ಅದಕ್ಕೆ ಸಿಕ್ಕಿದ್ದು ಒಂದು ರೇಖೆ, ಸಮತಲವಲ್ಲ. 3 ಕ್ಕೆ ಇನ್ನೊಂದು ವೆಕ್ಟರ್ ಸೇರಿಸಿದರೂ ಒಟ್ಟು ಎರಡೇ. ಎಲ್ಲ ವೆಕ್ಟರ್‌ಗಳನ್ನೂ ಒಡೆಯಲು ಮೂರು ಬೇಕು. ಆದ್ದರಿಂದ B ಯನ್ನು ಕರ್ಣರೂಪಕ್ಕೆ ತರಲಾಗುವುದಿಲ್ಲ. ನಿಯಮ ಇಷ್ಟು: ಮೂರರಿಂದ ಪಿವಟ್‌ಗಳ ಸಂಖ್ಯೆ ಕಳೆದರೆ ಬೇಸಿಸ್‌ನ ವೆಕ್ಟರ್‌ಗಳ ಸಂಖ್ಯೆ ಸಿಗುತ್ತದೆ. ಒಂದು ಮೌಲ್ಯ ಎಷ್ಟು ಸಲ ಮರುಕಳಿಸುತ್ತದೆಯೋ ಅದಕ್ಕಿಂತ ಹೆಚ್ಚು ವೆಕ್ಟರ್ ಬರುವುದಿಲ್ಲ, ಕಡಿಮೆ ಬರಬಹುದು.

ಎಡವುವ ಜಾಗಗಳು ಎರಡಿವೆ. ಒಂದು, ಕೆಲಸ ಸುಲಭವಾಗಲೆಂದು A ಯ ಸಾಲುಗಳನ್ನೇ ಮೊದಲು ಸರಳಗೊಳಿಸಿ, ಆಮೇಲೆ ಐಗನ್ ಮೌಲ್ಯ ಹುಡುಕುವುದು. ಸಾಲು ಕಳೆಯುವುದರಿಂದ ಸಮೀಕರಣದ ಉತ್ತರ ಉಳಿಯುತ್ತದೆ, ಐಗನ್ ಮೌಲ್ಯ ಉಳಿಯುವುದಿಲ್ಲ. ನಮ್ಮ A ಯನ್ನು ಪೂರ್ತಿ ಸರಳಗೊಳಿಸಿದರೆ ಏಕಮಾನ ಮ್ಯಾಟ್ರಿಕ್ಸೇ ಬರುತ್ತದೆ, ಅದರ ಐಗನ್ ಮೌಲ್ಯಗಳು 1, 1, 1. λ ಕಳೆದ ನಂತರವೇ ಸಾಲುಗಳಿಗೆ ಕೈ ಹಾಕಬೇಕು. ಇನ್ನೊಂದು, A − λI ಸರಳಗೊಳಿಸಿದಾಗ ಒಂದೂ ಸೊನ್ನೆ ಸಾಲು ಬಾರದಿರುವುದು. ಆಗ ಸಿಗುವ ಉತ್ತರ (0, 0, 0) ಮಾತ್ರ, ಅದು ಐಗನ್ ವೆಕ್ಟರ್ ಅಲ್ಲ. ಹೀಗಾದರೆ ಲೆಕ್ಕದಲ್ಲಿ ಎಲ್ಲೋ ತಪ್ಪಾಗಿದೆ, ಇಲ್ಲವೇ ಆ λ ಐಗನ್ ಮೌಲ್ಯವೇ ಅಲ್ಲ ಎಂದು ಖಚಿತವಾಗಿ ಹೇಳಬಹುದು.

ಈ ಎರಡನೆಯ ಲಕ್ಷಣವೇ ವಿಧಾನದ ಮಿತಿಯನ್ನೂ ತೋರಿಸುತ್ತದೆ. λ ಗೆ 2 ರ ಬದಲು 2.001 ಹಾಕಿದರೆ ನಿರ್ಧಾರಕ ಸುಮಾರು 0.000001, ತೀರ ಚಿಕ್ಕದು, ಆದರೆ ಸೊನ್ನೆಯಲ್ಲ. ಮೂರು ಪಿವಟ್ ಬಂದುಬಿಡುತ್ತವೆ, ಇಡೀ ಸಮತಲ ಮಾಯ. ಕಂಪ್ಯೂಟರ್ ಹೆಚ್ಚಾಗಿ ಸುಮಾರು 16 ಅಂಕಿಗಳವರೆಗೆ ಮಾತ್ರ ನಿಖರವಾಗಿ ಲೆಕ್ಕ ಮಾಡುತ್ತದೆ. B ಯಂಥ ಮ್ಯಾಟ್ರಿಕ್ಸ್‌ನಲ್ಲಿ ಕೊನೆಯ ಅಂಕಿಯ ತಪ್ಪು ಐಗನ್ ಮೌಲ್ಯಕ್ಕೆ ಬರುವಷ್ಟರಲ್ಲಿ ಎಂಟನೆಯ ಅಂಕಿಯವರೆಗೆ ಹಬ್ಬಬಲ್ಲದು. ಆದ್ದರಿಂದ ಸಾಫ್ಟ್‌ವೇರ್‌ಗಳು ಐಗನ್ ಮೌಲ್ಯಕ್ಕೆ, 1960ರ ದಶಕದ ಆರಂಭದಲ್ಲಿ ಜಾನ್ ಫ್ರಾನ್ಸಿಸ್ ಮತ್ತು ವೆರಾ ಕುಬ್ಲಾನೊವ್‌ಸ್ಕಾಯಾ ಬೇರೆಬೇರೆಯಾಗಿ ಕಂಡುಕೊಂಡ ಕ್ಯೂಆರ್ ವಿಧಾನವನ್ನು ಬಳಸುತ್ತವೆ. ಐಗನ್‌ಸ್ಪೇಸ್ ಸಮತಲವೋ ರೇಖೆಯೋ ಎಂದು ಅಲ್ಲಿ ತೀರ್ಮಾನಿಸಬೇಕಾದರೆ ಎಷ್ಟು ಚಿಕ್ಕ ಸಂಖ್ಯೆಯನ್ನು ಸೊನ್ನೆ ಎಂದು ಲೆಕ್ಕಕ್ಕೆ ಹಿಡಿಯಬೇಕು ಎಂಬ ಗಡಿಯೊಂದನ್ನು ಹಾಕಿಕೊಳ್ಳಲೇಬೇಕು. ಪೂರ್ಣಾಂಕಗಳ ಪುಟ್ಟ ಮ್ಯಾಟ್ರಿಕ್ಸ್ ಎದುರಿಗಿದ್ದು, λ ನಿಖರವಾಗಿ ಗೊತ್ತಿದ್ದರೆ ಆ ಗೊಡವೆಯೇ ಇಲ್ಲ: ಅಲ್ಲಿ ಸಾಲು ಸೊನ್ನೆಯಾದರೆ ಆಯಿತು, ಇಲ್ಲದಿದ್ದರೆ ಇಲ್ಲ.