ಕರಾರು ಹುಟ್ಟುವ ದಿನ ಯಾವುದು?

ಕಾನೂನು ವಿದ್ಯಾರ್ಥಿಗಳಿಗೆ ಕರಾರು ಕಾಯಿದೆಯ ಪರೀಕ್ಷೆಯಲ್ಲಿ ಇಂಥದೊಂದು ಸಮಸ್ಯೆ ಕೊಡುವುದುಂಟು. ಮೈಸೂರಿನ ‘ಎ’ ತನ್ನ ಮನೆಯನ್ನು 40 ಲಕ್ಷ ರೂಪಾಯಿಗೆ ಕೊಡುವುದಾಗಿ ಹುಬ್ಬಳ್ಳಿಯ ‘ಬಿ’ಗೆ ಜೂನ್ 1ರಂದು ಪತ್ರ ಬರೆಯುತ್ತಾನೆ. ಮರುದಿನವೇ ಮನಸ್ಸು ಬದಲಾಗಿ, ಮಾರುವುದಿಲ್ಲವೆಂದು ಇನ್ನೊಂದು ಪತ್ರ ಹಾಕುತ್ತಾನೆ. ಮೊದಲ ಪತ್ರ 3ರಂದು ‘ಬಿ’ಯ ಕೈಸೇರುತ್ತದೆ, ಅವನು ಅಂದೇ ಒಪ್ಪಿಗೆ ಬರೆದು ಅಂಚೆಗೆ ಹಾಕುತ್ತಾನೆ. ಎರಡನೆಯ ಪತ್ರ ಅವನಿಗೆ ಸಿಗುವುದು 4ರಂದು. ಒಪ್ಪಿಗೆ ‘ಎ’ಯನ್ನು ತಲುಪುವುದು 5ರಂದು. ಕರಾರು ಆಯಿತೇ?

ಆಯಿತು.

ಅವಸರದಲ್ಲಿ ಓದಿದವರು ಇಲ್ಲವೆಂದೇ ಬರೆಯುತ್ತಾರೆ. ‘ಎ’ ಮನಸ್ಸು ಬದಲಿಸಿದ್ದು 2ರಂದು, ‘ಬಿ’ ಒಪ್ಪಿದ್ದು 3ರಂದು. ಮೊದಲು ನಡೆದದ್ದೇ ಗೆಲ್ಲಬೇಕಲ್ಲವೇ ಎಂಬ ಲೆಕ್ಕ ಅವರದು. ಆದರೆ 1872ರ ಭಾರತೀಯ ಕರಾರು ಕಾಯಿದೆಯ 4ನೇ ಕಲಂ ಲೆಕ್ಕ ಹಾಕುವ ಬಗೆಯೇ ಬೇರೆ. ಒಪ್ಪಿಗೆ ಪತ್ರವನ್ನು ಮರಳಿ ಪಡೆಯಲಾಗದಂತೆ ಅಂಚೆಗೆ ಹಾಕಿದ ಕ್ಷಣಕ್ಕೇ ಪ್ರಸ್ತಾಪ ಮಾಡಿದವನು ಕಟ್ಟುಬೀಳುತ್ತಾನೆ. ಪ್ರಸ್ತಾಪ ಹಿಂತೆಗೆದ ಸುದ್ದಿಯಾದರೋ, ಎದುರಿನವನಿಗೆ ತಿಳಿದಾಗಲೇ ಅವನ ಮಟ್ಟಿಗೆ ಜಾರಿಗೆ ಬರುವುದು. ಹಾಗಾಗಿ ಇಲ್ಲಿ ತೂಗಬೇಕಾದ ದಿನಗಳು ಎರಡೇ: 3 ಮತ್ತು 4. ಉಳಿದ ತಾರೀಕುಗಳು ಓದುಗನ ದಿಕ್ಕು ತಪ್ಪಿಸುತ್ತವೆ.

ನಿಯಮ ನಿಜಕ್ಕೂ ಅರ್ಥವಾಗಿದೆಯೇ ಎಂದು ತಿಳಿಯಲು ಒಂದು ಸಂಗತಿಯನ್ನು ಬದಲಿಸಿ ನೋಡಬೇಕು. ‘ಬಿ’ ಒಪ್ಪಿಗೆಯನ್ನು ಅಂಚೆಗೆ ಹಾಕುವ ಮುನ್ನವೇ, 3ರ ಬೆಳಿಗ್ಗೆ, ಎರಡನೆಯ ಪತ್ರವೂ ಕೈಗೆ ಬಂದಿದ್ದರೆ ಕರಾರಿಲ್ಲ. ಇನ್ನೊಂದು ಬದಲಾವಣೆ: ಒಪ್ಪಿಗೆ ಕಳಿಸಿದ ‘ಬಿ’ಯೇ 4ರಂದು ಫೋನ್ ಮಾಡಿ ತನಗೆ ಮನೆ ಬೇಡವೆಂದರೆ? ಅವನಿಗೆ ಆ ಹಕ್ಕಿದೆ. ಅವನ ಒಪ್ಪಿಗೆ ಅವನನ್ನೇ ಕಟ್ಟಿಹಾಕುವುದು ಅದು ‘ಎ’ಗೆ ತಿಳಿದಾಗ, ಅಂದರೆ 5ರಂದು. ಒಂದೇ ಪತ್ರ ಒಬ್ಬನನ್ನು 3ರಂದೂ ಇನ್ನೊಬ್ಬನನ್ನು 5ರಂದೂ ಬಂಧಿಸುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದೂ ಇಲ್ಲಿಯೇ.

‘ಎ’, ‘ಬಿ’ ಎಂಬ ಈ ಪಾತ್ರಗಳನ್ನು ಪ್ರಶ್ನೆಪತ್ರಿಕೆಯವರು ಕಲ್ಪಿಸಿದ್ದಲ್ಲ. ಕಾಯಿದೆಯೇ ತನ್ನ ಕಲಂಗಳ ಕೆಳಗೆ ಇಂಥ ಉದಾಹರಣೆಗಳನ್ನು ಕೊಟ್ಟಿದೆ. ಪತ್ರದ ಮೂಲಕ ಮನೆ ಮಾರುವ ‘ಎ’ 4ನೇ ಕಲಮಿನಲ್ಲೇ ಇದ್ದಾನೆ.

ಹೀಗಾಗಿ ಒಳ್ಳೆಯ ಉತ್ತರಕ್ಕೆ ಪುಟಗಟ್ಟಲೆ ಬರಹ ಬೇಕಿಲ್ಲ. ನಿಯಮ, ಅದು ತಗಲುವ ಸಂಗತಿ, ಕೊನೆಗೆ ಒಂದು ಸಾಲು: “ಹಿಂತೆಗೆತ ‘ಬಿ’ಗೆ ತಿಳಿಯುವ ಮೊದಲೇ ಒಪ್ಪಿಗೆ ಅಂಚೆಗೆ ಬಿದ್ದದ್ದರಿಂದ ‘ಎ’ ಕರಾರಿಗೆ ಬದ್ಧ.” ಇದನ್ನು ಬಿಟ್ಟು ‘ಎ’ ಮಾಡಿದ್ದು ನ್ಯಾಯವೇ ಎಂದು ಚರ್ಚಿಸುತ್ತ ಕೂತರೆ ಕೇಳಿದ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಸಮಸ್ಯೆಯಲ್ಲಿ ಒಪ್ಪಿಗೆ ಫೋನಿನಲ್ಲಿ ಬಂದಿದ್ದರೆ ಮಾತ್ರ ಎಚ್ಚರ ಬೇಕು. ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ ಖಾಮಗಾಂವ್‌ನಿಂದ ಫೋನಿನಲ್ಲಿ ಹೇಳಿದ ಒಪ್ಪಿಗೆಯನ್ನು ಅಹಮದಾಬಾದಿನಲ್ಲಿ ಕೇಳಿಸಿಕೊಳ್ಳಲಾಗಿತ್ತು. ಅಂಚೆಯ ನಿಯಮ ಫೋನಿಗೆ ಅನ್ವಯಿಸದು, ಒಪ್ಪಿಗೆ ಕೇಳಿಸಿದ ಅಹಮದಾಬಾದಿನಲ್ಲೇ ಕರಾರು ಆಯಿತು ಎಂದು ಸುಪ್ರೀಂ ಕೋರ್ಟ್ ಬಹುಮತದ ತೀರ್ಪು ನೀಡಿತು.